ಬೇಳೆ ಮಿಲ್ ಪ್ರಶ್ನೆಗೆ ಸಿ ಯಾಕೆ, ಡಿ ಯಾಕಲ್ಲ?

ಬಸವರಾಜ, ಶಹಾಪುರ: ಮೇಡಂ, ಟೆಸ್ಟ್‌ನ್ಯಾಗ ಈ ಪ್ರಶ್ನೆ ಬಂದಿತ್ತು. "ತೊಗರಿ ಬೇಳೆ ಮಿಲ್ ಒಂದರ ಗೋದಾಮಿನಲ್ಲಿ 50 ಕೆ.ಜಿ. ಚೀಲಗಳು ಮಾರಾಟವಾಗದೆ ಉಳಿದಿವೆ. ಮಾಲೀಕರು 200 ಕಿರಾಣಿ ಅಂಗಡಿಗಳಲ್ಲಿ ಸಮೀಕ್ಷೆ ಮಾಡಿಸಿ, ಅಂಗಡಿಯವರು ಬಯಸಿದಂತೆ 10 ಚೀಲಕ್ಕೆ 1 ಚೀಲ ಉಚಿತ ಕೊಟ್ಟರು. ಒಂದು ತಿಂಗಳಲ್ಲಿ ಸ್ಟಾಕ್ ಖಾಲಿಯಾಯಿತು, ಅಂಗಡಿಯವರಿಗೂ ತೃಪ್ತಿಯಾಯಿತು." ಎ ಪ್ರೊಡಕ್ಷನ್ ಕಾನ್ಸೆಪ್ಟ್, ಬಿ ಪ್ರಾಡಕ್ಟ್, ಸಿ ಸೆಲ್ಲಿಂಗ್, ಡಿ ಮಾರ್ಕೆಟಿಂಗ್. ನಾ ಡಿ ಹಾಕೀನಿ. ಕೀನ್ಯಾಗ ಸಿ ಅದ. ಕೀ ತಪ್ಪಿರಬೇಕಲ್ರಿ?

ಭಾಗ್ಯಶ್ರೀ, ಕಲಬುರಗಿ: ಕೀ ಸರಿ ಅದ. ಸ್ಕೀಮ್ ಅಂತ ಬಂತಂದ್ರ ಕಣ್ಣು ಮುಚ್ಚಿ ಸೆಲ್ಲಿಂಗ್ ಹಾಕ್ರಿ.

ಮೇಡಂ, ವಾಣಿಜ್ಯ ಉಪನ್ಯಾಸಕಿ: ಉತ್ತರ ಸಿ. ಆದರೆ ಭಾಗ್ಯಶ್ರೀ ಹೇಳಿದ ಕಾರಣಕ್ಕಲ್ಲ. ಈ ಪ್ರಶ್ನೆ ತಯಾರಿಸಿದವರು ಬಹಳ ಯೋಚನೆ ಮಾಡಿದ್ದಾರೆ. ಸಮೀಕ್ಷೆ, ಬಯಸಿದಂತೆ, ತೃಪ್ತಿ ಅನ್ನೋ ಮೂರು ಪದಗಳನ್ನು ಬೇಕಂತಲೇ ಹಾಕಿ ಡಿ ಕಡೆ ಎಳೆಯುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ಎ, ಬಿ ತೆಗೆದುಹಾಕಿ. ಹೆಚ್ಚು ಬೇಳೆ ತಯಾರಿಸಿ ಖರ್ಚು ಇಳಿಸಿದರು ಅಂತ ಎಲ್ಲೂ ಇಲ್ಲ, ಎ ಹೋಯಿತು. ಬೇಳೆಯ ಗುಣಮಟ್ಟ ಹೆಚ್ಚಿಸಿದರು ಅಂತಲೂ ಇಲ್ಲ, ಬಿ ಹೋಯಿತು. ಉಳಿದಿದ್ದು ಸಿ ಮತ್ತು ಡಿ. ಈಗ ಕಥೆ ಎಲ್ಲಿಂದ ಶುರುವಾಗ್ತದೆ ನೋಡಿ. ಗೋದಾಮಿನಿಂದ. ಬೇಳೆ ಆಗಲೇ ಒಡೆದು, ಚೀಲ ಹೊಲಿದು ಆಗಿದೆ. ಮಾಲೀಕರ ಚಿಂತೆ ಈ ಚೀಲ ಹೇಗೆ ಸಾಗಿಸೋದು ಅನ್ನೋದು. ಅದು ಮಾರುವವರ ಅಗತ್ಯ.

ಆಮೇಲೆ ಸಮೀಕ್ಷೆ. ಸಮೀಕ್ಷೆ ಮಾಡಿದರು ಅನ್ನೋದು ಮುಖ್ಯವಲ್ಲ, ಏನು ಕೇಳಿದರು ಅನ್ನೋದು ಮುಖ್ಯ. ಯಾವ ಬೇಳೆ ಬೇಕು ಅಂತ ಕೇಳಲಿಲ್ಲ, ಯಾವ ಆಫರ್ ಕೊಟ್ಟರೆ ಎತ್ತುತ್ತೀರಿ ಅಂತ ಕೇಳಿದರು. ಇನ್ನೊಂದು ಪರೀಕ್ಷೆ ಇದೆ, ಇದೇ ಗಟ್ಟಿ ಪರೀಕ್ಷೆ: ಉತ್ತರ ಸಿಕ್ಕ ಮೇಲೆ ಏನು ಬದಲಾಯಿತು? ಬೇಳೆ ಅದೇ, ಚೀಲ ಅದೇ, 50 ಕೆ.ಜಿ. ಅದೇ. ಬದಲಾಗಿದ್ದು ವ್ಯಾಪಾರದ ಷರತ್ತು ಮಾತ್ರ. ಕೊನೆಯಲ್ಲಿ ಅಂಗಡಿಯವರಿಗೆ ತೃಪ್ತಿ ಆಯಿತು ಅಂತಾರೆ. ಆಗಿರಬಹುದು, ಪುಕ್ಕಟೆ ಚೀಲ ಸಿಕ್ಕರೆ ಯಾರಿಗೆ ಆಗೋದಿಲ್ಲ? ಅದು ನಡೆದ ಪರಿಣಾಮ, ಮಿಲ್ ಇಟ್ಟುಕೊಂಡ ಗುರಿಯಲ್ಲ. ಗುರಿ ಸ್ಟಾಕ್ ಖಾಲಿ ಮಾಡೋದು.

ಇದೇ ಪ್ರಶ್ನೆಯನ್ನು ಡಿ ಆಗೋ ಹಾಗೆ ತಿರುಗಿಸಿ ನೋಡೋಣ. ಹಂಗಾಮಿಗೆ ಮೊದಲೇ ಮಿಲ್‌ನವರು ಕಿರಾಣಿ ಅಂಗಡಿಗೂ ಖಾನಾವಳಿಗೂ ಹೋಗಿ ಕೇಳ್ತಾರೆ. ಗಿರಾಕಿಗಳು ಅರ್ಧ ಕೆ.ಜಿ., ಒಂದು ಕೆ.ಜಿ. ಪ್ಯಾಕೆಟ್ ಕೇಳ್ತಾರೆ ಅಂತ ಅಂಗಡಿಯವರು ಹೇಳ್ತಾರೆ. ಬೇಗ ಬೇಯೋ ಬೇಳೆ ಬೇಕು, ಗ್ಯಾಸ್ ಬಹಳ ಹೋಗ್ತದೆ ಅಂತ ಖಾನಾವಳಿಯವರು ಹೇಳ್ತಾರೆ. ಮಿಲ್ ಅದಕ್ಕೆ ತಕ್ಕಂತೆ ತೊಗರಿ ಆರಿಸಿ, ಎರಡು ಅಳತೆಯ ಪ್ಯಾಕಿಂಗ್ ಮಾಡಿ, ಬೆಲೆ ಕಟ್ಟಿ, ಸರಬರಾಜು ಮತ್ತು ಜಾಹೀರಾತನ್ನು ಅದಕ್ಕೇ ಹೊಂದಿಸ್ತದೆ. ಈಗ ಉತ್ತರ ಡಿ. ಗಮನಿಸಿ, ಈ ಕಥೆಗೆ "10ಕ್ಕೆ 1 ಉಚಿತ" ಅಂತ ಸೇರಿಸಿದರೂ ಉತ್ತರ ಡಿ ಆಗೇ ಉಳೀತದೆ. ಸ್ಕೀಮ್ ಕಂಡ ಕೂಡಲೇ ಸಿ ಹಾಕಿದವರು ಇಲ್ಲಿ ಅಂಕ ಕಳ್ಕೋತಾರೆ.

ಬಸವರಾಜ, ಶಹಾಪುರ: ಈಗ ತಿಳೀತ್ರಿ ಮೇಡಂ. ಸಮೀಕ್ಷೆ ಅನ್ನೋ ಪದ ನೋಡೇ ಡಿ ಹಾಕಿದ್ದೆ.

ಸಿದ್ದಣ್ಣ, ಆಳಂದ: ಎಲ್ಲರಿಗೂ ಉಪಯೋಗ ಆಗ್ಲಿ, ಬೇರೆ ಗ್ರೂಪ್‌ನಿಂದ ಬಂದದ್ದು ಹಾಕ್ಲಿಕತ್ತೀನಿ. "ಸೂಪರ್ ಟ್ರಿಕ್! ಆಪ್ಷನ್‌ನಲ್ಲಿ ಗ್ರಾಹಕ ಅಂತ ಇದ್ದರೆ ಮಾರ್ಕೆಟಿಂಗ್. ಲಾಭ ಅಂತ ಇದ್ದರೆ ಸೆಲ್ಲಿಂಗ್. 100% ಸರಿ. ಎಲ್ಲ ಅಭ್ಯರ್ಥಿಗಳಿಗೂ ಕಳಿಸಿ."

ಮೇಡಂ, ವಾಣಿಜ್ಯ ಉಪನ್ಯಾಸಕಿ: ಸಿದ್ದಣ್ಣ, ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಎರಡು ಸಾಲೂ ತಪ್ಪು. ಲಾಭ ಎರಡರಲ್ಲೂ ಇದೆ. ಸೆಲ್ಲಿಂಗ್‌ನಲ್ಲಿ ಮಾರಾಟದ ಪ್ರಮಾಣದಿಂದ ಲಾಭ, ಮಾರ್ಕೆಟಿಂಗ್‌ನಲ್ಲಿ ಗ್ರಾಹಕರ ತೃಪ್ತಿಯ ಮೂಲಕ ಲಾಭ. ಪರೀಕ್ಷೆಯಲ್ಲಿ ಕೇಳೋದು ದಾರಿಯನ್ನು. ಇನ್ನು ಗ್ರಾಹಕ ಅನ್ನೋ ಪದ. "ಒತ್ತಾಯಿಸದೆ ಬಿಟ್ಟರೆ ಗ್ರಾಹಕರು ಸಾಕಷ್ಟು ಕೊಳ್ಳುವುದಿಲ್ಲ" ಅನ್ನೋ ಆಪ್ಷನ್‌ನಲ್ಲಿ ಗ್ರಾಹಕ ಇದ್ದಾನೆ, ಆದರೆ ಅದು ಸೆಲ್ಲಿಂಗ್ ಕಾನ್ಸೆಪ್ಟ್‌ನ ಮೂಲ ನಂಬಿಕೆ. "ಗ್ರಾಹಕರ ಮನವೊಲಿಸಿ ಖರೀದಿ ಮಾಡಿಸುವುದು", ಅದೂ ಸೆಲ್ಲಿಂಗೇ. ಪದ ಹುಡುಕಬೇಡಿ. ಗ್ರಾಹಕರು ವಾಕ್ಯದಲ್ಲಿ ಏನು ಮಾಡ್ತಿದ್ದಾರೆ ನೋಡಿ: ಅವರ ಬೇಡಿಕೆಯಿಂದ ಕೆಲಸ ಶುರುವಾಗ್ತದೋ, ತಯಾರಾದ ಸರಕಿಗೆ ಅವರನ್ನು ಒಪ್ಪಿಸ್ತಾರೋ?

ಸಿದ್ದಣ್ಣ, ಆಳಂದ: ಭಾಳ ಮಂದಿಗೆ ಇದರಿಂದ ಅಂಕ ಬಂದಾವ ಮೇಡಂ.

ಮೇಡಂ, ವಾಣಿಜ್ಯ ಉಪನ್ಯಾಸಕಿ: ಸುಲಭದ ಪ್ರಶ್ನೆಯಲ್ಲಿ ಬಂದಿರಬಹುದು. ಕಠಿಣ ಪ್ರಶ್ನೆಯನ್ನು ಇಂಥ ಟ್ರಿಕ್ ಓದಿದವರು ಬೀಳಲಿ ಅಂತಲೇ ತಯಾರಿಸ್ತಾರೆ.

ರೇಷ್ಮಾ, ಯಾದಗಿರಿ: ಪ್ರತಿಪಾದನೆ: ಮಾರ್ಕೆಟಿಂಗ್ ಕಾನ್ಸೆಪ್ಟ್‌ನಲ್ಲಿ ಲಾಭಕ್ಕೆ ಸ್ಥಾನವಿಲ್ಲ. ಕಾರಣ: ಅದರ ಕೇಂದ್ರ ಗ್ರಾಹಕರ ಅಗತ್ಯ. ಯಾವ್ದು ಸರಿ ಮೇಡಂ?

ಮೇಡಂ, ವಾಣಿಜ್ಯ ಉಪನ್ಯಾಸಕಿ: ಪ್ರತಿಪಾದನೆ ತಪ್ಪು, ಕಾರಣ ಸರಿ. ಯಾಕೆ ಅಂತ ಸಿದ್ದಣ್ಣನಿಗೆ ಬರೆದದ್ದರಲ್ಲಿದೆ.

ಅಂಗಡಿಯವರು, ಬೀದರ್: ನಮಸ್ಕಾರ್ರಿ. ಮಾರ್ಕೆಟಿಂಗ್ ಬಗ್ಗೆ ಹೇಳ್ತಾರಂತ ಈ ಗ್ರೂಪ್‌ಗೆ ಬಂದೀನಿ. ನಮ್ಮದು ಬಿದ್ರಿ ಸಾಮಾನಿನ ಅಂಗಡಿ. ದೊಡ್ಡ ಹೂಜಿ, ಹೂದಾನಿ ಹಂಗೇ ಕುಂತಾವ. ಜಾಹೀರಾತು ಕೊಡ್ಬೇಕಾ, ರೇಟ್ ಇಳಿಸ್ಬೇಕಾ?

ಭಾಗ್ಯಶ್ರೀ, ಕಲಬುರಗಿ: ಕಾಕಾ, ಇದು ಪರೀಕ್ಷೆ ಗ್ರೂಪ್. ಆದ್ರೂ ನಿಮ್ಮದು ಪ್ರಾಡಕ್ಟ್ ಕಾನ್ಸೆಪ್ಟ್ ಅದ, ಅದಕ್ಕೇ ಹೋಗಲ್ದು.

ಸಿದ್ದಣ್ಣ, ಆಳಂದ: ರೇಟ್ ಇಳಿಸ್ಬೇಕಾ ಅಂತ ಕೇಳ್ಯಾರ ಅಂದ್ರ ಸೆಲ್ಲಿಂಗ್. ಪ್ರಾಡಕ್ಟ್ ಹ್ಯಾಂಗ ಆಗ್ತದ?

ಭಾಗ್ಯಶ್ರೀ, ಕಲಬುರಗಿ: ಬೆಳ್ಳಿ ಎಳೆ ಕೂಡ್ಸೋ ಕೆಲಸಾನೇ ದೊಡ್ಡದು ಅಂತ ಕುಂತವರದು ಪ್ರಾಡಕ್ಟೇ. ನಿಮ್ಮ ಫಾರ್ವರ್ಡ್‌ನ್ಯಾಗ ಇದು ಇರ್ಲಿಲ್ಲೇನು?

ಅಂಗಡಿಯವರು, ಬೀದರ್: ಕುಂತವರು ಅಂದ್ರ ಏನ್ರೀ ತಂಗಿ? ಸತುವಿನ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂಡ್ಸಿ, ಕೋಟೆ ಮಣ್ಣಿನ ನೀರಾಗ ಕುದ್ಸಿ ಕಪ್ಪು ಬರ್ಸೋದು ಎಂಥಾ ಕೆಲಸ ಅಂತ ಬಂದು ನೋಡ್ರಿ. ಆಮೇಲೆ ಹೆಸರಿಡ್ರಿ.

ಮೇಡಂ, ವಾಣಿಜ್ಯ ಉಪನ್ಯಾಸಕಿ: ಭಾಗ್ಯಶ್ರೀ, ಮಾತು ನೋಡಿಕೊಂಡು ಬರೆಯಿರಿ. ನೀವಿಬ್ಬರೂ ಅರ್ಧರ್ಧ ಸರಿ. ಕೆಲಸ ಇನ್ನೂ ನಾಜೂಕಾದರೆ ಗಿರಾಕಿ ತಾನಾಗಿ ಬರ್ತಾನೆ ಅಂತ ನಂಬಿದರೆ ಪ್ರಾಡಕ್ಟ್ ಕಾನ್ಸೆಪ್ಟ್. ಸಾಮಾನು ಸರಿಯಾಗೇ ಇದೆ, ಗಿರಾಕಿಯನ್ನೇ ಎಳೆದು ತರಬೇಕು ಅಂದರೆ ಸೆಲ್ಲಿಂಗ್. ಅಂಗಡಿ ಒಂದೇ ಆದರೂ ನಂಬಿಕೆ ಬದಲಾದರೆ ಉತ್ತರ ಬದಲಾಗ್ತದೆ. ಅಣ್ಣಾ, ನಿಮಗೆ ನನ್ನ ಮಾತು ಇಷ್ಟೇ: ಜಾಹೀರಾತಿಗೆ ದುಡ್ಡು ಹಾಕೋ ಮುಂಚೆ, ಬರಿಗೈಲಿ ಹೋಗೋ ಗಿರಾಕಿಗಳನ್ನು ಏನು ಹುಡುಕ್ತಿದ್ದಿರಿ ಅಂತ ಕೇಳಿ ಬರೆದಿಡಿ. ಅವರು ಚೀಲದಲ್ಲಿ ಹಿಡಿಸೋ ಸಣ್ಣ ಸಾಮಾನು ಕೇಳ್ತಿದ್ದರೆ, ಹೂಜಿಯ ರೇಟ್ ಇಳಿಸಿ ಉಪಯೋಗವಿಲ್ಲ.

ಅಂಗಡಿಯವರು, ಬೀದರ್: ಆಯ್ತವ್ವಾ. ಸಣ್ಣ ಸಾಮಾನೇ ಕೇಳ್ತಾರ, ಖರೇ.

ಮಲ್ಲಿಕಾರ್ಜುನ, ಸೇಡಂ: ಮೇಡಂ, ಒಂದು ಕಡೆ ಸೆಲ್ಲಿಂಗ್ ಮಾರ್ಕೆಟಿಂಗ್‌ನ ಭಾಗ ಅಂತ ಓದೀವಿ. ಇನ್ನೊಂದು ಕಡೆ ಎರಡೂ ವಿರುದ್ಧ ಅಂತ ಅದ. ಯಾವ್ದು ನಂಬೋದು?

ಮೇಡಂ, ವಾಣಿಜ್ಯ ಉಪನ್ಯಾಸಕಿ: ಎರಡನ್ನೂ ನಂಬಿ, ಎರಡು ಬೇರೆ ವಿಷಯಗಳು. ಮಾರಾಟ ಅನ್ನೋ ಕೆಲಸ ಮಾರ್ಕೆಟಿಂಗ್‌ನ ಒಂದು ಭಾಗ. ಮಾರ್ಕೆಟಿಂಗ್ ಕಾನ್ಸೆಪ್ಟ್ ಪಾಲಿಸೋ ಕಂಪನಿಯಲ್ಲೂ ಸೇಲ್ಸ್‌ಮನ್ ಇರ್ತಾರೆ, ಟಾರ್ಗೆಟ್ ಇರ್ತದೆ. ಆದರೆ ಸೆಲ್ಲಿಂಗ್ ಕಾನ್ಸೆಪ್ಟ್ ಅನ್ನೋದು ವ್ಯಾಪಾರವನ್ನು ನೋಡೋ ಒಂದು ರೀತಿ, ಅದು ಮಾರ್ಕೆಟಿಂಗ್ ಕಾನ್ಸೆಪ್ಟ್‌ನ ಭಾಗವಲ್ಲ, ಎದುರಾಳಿ. ಥಿಯೊಡೋರ್ ಲೆವಿಟ್ 1960ರಲ್ಲಿ ಈ ಗೆರೆ ಎಳೆದರು. ಸೆಲ್ಲಿಂಗ್‌ಗೆ ತನ್ನ ಸರಕು ನಗದಾಗಬೇಕು ಅನ್ನೋ ಮಾರುವವನ ಅಗತ್ಯವೇ ಮುಖ್ಯ, ಮಾರ್ಕೆಟಿಂಗ್‌ಗೆ ಕೊಳ್ಳುವವನ ಅಗತ್ಯ ಮುಖ್ಯ. ಹಾಗಾಗಿ "ಮಾರಾಟವು ಮಾರ್ಕೆಟಿಂಗ್‌ನ ಭಾಗ" ಅಂದರೆ ಸರಿ, "ಸೆಲ್ಲಿಂಗ್ ಕಾನ್ಸೆಪ್ಟ್ ಮಾರ್ಕೆಟಿಂಗ್ ಕಾನ್ಸೆಪ್ಟ್‌ನ ಭಾಗ" ಅಂದರೆ ತಪ್ಪು. ಕಾನ್ಸೆಪ್ಟ್ ಅನ್ನೋ ಪದ ಇದೆಯೋ ಇಲ್ಲವೋ ಅಂತ ಎರಡು ಸಲ ಓದಿ.

ರೇಷ್ಮಾ, ಯಾದಗಿರಿ: ಜಾಹೀರಾತು ಕೊಟ್ರ ಸೆಲ್ಲಿಂಗ್ ಅಲ್ರಿ?

ಮೇಡಂ, ವಾಣಿಜ್ಯ ಉಪನ್ಯಾಸಕಿ: ಅಲ್ಲ. ಮೇಲೆ ಓದಿ.

ಮಲ್ಲಿಕಾರ್ಜುನ, ಸೇಡಂ: ಹಂಗಾದ್ರ ಜೀವ ವಿಮೆ? ಅಯಾಚಿತ ಸರಕಿಗೆ ಸೆಲ್ಲಿಂಗ್ ಕಾನ್ಸೆಪ್ಟ್ ಅಂತ ಓದೀವಿ. ಪ್ರಶ್ನೆನ್ಯಾಗ ಏಜೆಂಟ್ ಮನೆಗೆ ಬಂದು ಸಂಬಳ, ಮಕ್ಕಳ ವಯಸ್ಸು, ಸಾಲ ಎಲ್ಲ ಕೇಳಿ ಆಮೇಲೆ ಪಾಲಿಸಿ ಹೇಳ್ತಾನ. ಇದು ಸಿನೋ ಡಿನೋ?

ಭಾಗ್ಯಶ್ರೀ, ಕಲಬುರಗಿ: ಡಿ. ಅಗತ್ಯ ಮೊದಲು ಕೇಳ್ಯಾನಲ್ಲ.

ಸಿದ್ದಣ್ಣ, ಆಳಂದ: ಪಾಲಿಸಿ ಮೊದಲೇ ತಯಾರ್ ಅದಾವ. ಕೇಳಿ ಆಮೇಲೆ ಇದ್ದದ್ರಾಗ ಒಂದು ತೆಗೆದು ಕೊಡ್ತಾನ. ಮೇಡಂ ಹೇಳಿದ ಪರೀಕ್ಷೆ ಹಚ್ಚಿದ್ರ ಸಿ.

ಭಾಗ್ಯಶ್ರೀ, ಕಲಬುರಗಿ: ಹಂಗಂದ್ರ ಬಟ್ಟೆ ಅಂಗಡಿಯವ ಸೈಜ್ ಕೇಳಿ ಅಂಗಿ ಕೊಟ್ರೂ ಸೆಲ್ಲಿಂಗ್ ಆಗ್ತದೇನು?

ಸಿದ್ದಣ್ಣ, ಆಳಂದ: ಅಂಗಿ ಹುಡುಕ್ಕೊಂಡು ನಾವು ಹೋಗ್ತೀವಿ. ವಿಮೆ ಹುಡುಕ್ಕೊಂಡು ಯಾರು ಹೋಗ್ತಾರ?

ಮೇಡಂ, ವಾಣಿಜ್ಯ ಉಪನ್ಯಾಸಕಿ: ಈ ಸಲ ಸಿದ್ದಣ್ಣನ ಮಾತಿನಲ್ಲಿ ಹುರುಳಿದೆ. "ವಿಮೆಯಂಥ ಅಯಾಚಿತ ಸರಕಿಗೆ ಹೆಚ್ಚಾಗಿ ಬಳಸುವ ಕಾನ್ಸೆಪ್ಟ್ ಯಾವುದು" ಅಂತ ನೇರವಾಗಿ ಕೇಳಿದರೆ ಸೆಲ್ಲಿಂಗ್, ಅದರಲ್ಲಿ ಅನುಮಾನವಿಲ್ಲ. ಮಲ್ಲಿಕಾರ್ಜುನ ಹಾಕಿದ ಪ್ರಶ್ನೆ ಹಾಗಿಲ್ಲ. ಅದರಲ್ಲಿ ಏಜೆಂಟ್ ಏನು ಮಾಡಿದ ಅಂತ ಇದೆ, ಕಂಪನಿ ಪಾಲಿಸಿಯನ್ನು ಹೇಗೆ ರೂಪಿಸಿತು ಅಂತ ಇಲ್ಲ. ಕಾನ್ಸೆಪ್ಟ್ ಕಂಪನಿಗೆ ಸೇರಿದ್ದು, ಒಬ್ಬ ಏಜೆಂಟ್‌ನ ಒಳ್ಳೆ ಮಾತುಕತೆಗೆ ಅಲ್ಲ. ಬರೀ ಇಷ್ಟೇ ಕೊಟ್ಟಿದ್ದರೆ ನಾನು ಸಿ ಹಾಕ್ತೀನಿ. ಆದರೆ ಕೀ ಡಿ ಅಂತ ಬಂದರೆ ಆಕ್ಷೇಪಣೆ ಗೆಲ್ತದೆ ಅಂತ ಖಾತ್ರಿ ಕೊಡೋದಿಲ್ಲ, ಪ್ರಶ್ನೆಯೇ ಸಡಿಲ.

ಭಾಗ್ಯಶ್ರೀ, ಕಲಬುರಗಿ: ನಾ ಒಪ್ಪಂಗಿಲ್ಲ ಮೇಡಂ. ಗಿರಾಕಿ ಮುಂದ ಕುಂತು ಕೇಳೋದು ಮಾರ್ಕೆಟಿಂಗ್ ಅಲ್ಲಂದ್ರ ಮತ್ಯಾವುದು?

ರೇಷ್ಮಾ, ಯಾದಗಿರಿ: ಬೇಳೆ ಮಿಲ್ ಪ್ರಶ್ನೆಗೆ ಫೈನಲ್ ಉತ್ತರ ಯಾವ್ದು? ಯಾರಾದ್ರೂ ಒಂದೇ ಅಕ್ಷರದಾಗ ಹೇಳ್ರಿ.

ಮೇಡಂ, ವಾಣಿಜ್ಯ ಉಪನ್ಯಾಸಕಿ: ಸಿ. ರೇಷ್ಮಾ, ಇನ್ನೊಮ್ಮೆ ಕೇಳಿದರೆ ಉತ್ತರಿಸೋದಿಲ್ಲ.

ಸಿದ್ದಣ್ಣ, ಆಳಂದ: ಇನ್ನೊಂದು ಬಂದದ ನೋಡ್ರಿ. "ಫ್ಯಾಕ್ಟರಿ ಅಂತ ಕಂಡರೆ ಸೆಲ್ಲಿಂಗ್, ಮಾರ್ಕೆಟ್ ಅಂತ ಕಂಡರೆ ಮಾರ್ಕೆಟಿಂಗ್."

ಮೇಡಂ, ವಾಣಿಜ್ಯ ಉಪನ್ಯಾಸಕಿ: ಸಿದ್ದಣ್ಣ, ಆಗಲೇ ಹೇಳಿದ್ದೀನಿ. ಪ್ರೊಡಕ್ಷನ್, ಪ್ರಾಡಕ್ಟ್, ಸೆಲ್ಲಿಂಗ್ ಮೂರೂ ಫ್ಯಾಕ್ಟರಿಯಿಂದಲೇ ಶುರುವಾಗ್ತವೆ. ಈ ಸಾಲು ನಂಬಿದರೆ ಎ, ಬಿ ಯಾವತ್ತೂ ನಿಮ್ಮ ಕಣ್ಣಿಗೆ ಬೀಳೋದಿಲ್ಲ. ಫಾರ್ವರ್ಡ್ ಅಳಿಸಿ.

ಮಲ್ಲಿಕಾರ್ಜುನ, ಸೇಡಂ: ಅದೇ ಮಿಲ್ ಪ್ಲಾಸ್ಟಿಕ್ ಬಿಟ್ಟು ಕಾಗದದ ಪ್ಯಾಕೆಟ್ ಮಾಡಿದ್ರ ಡಿ ಹೋಗಿ ಸಮಾಜದ ಹಿತಾನೂ ನೋಡೋ ಸೊಸೈಟಲ್ ಕಾನ್ಸೆಪ್ಟ್ ಆಗ್ತದೇನ್ರಿ? ಗಿರಾಕಿಗಳೇ ಕಾಗದ ಕೇಳಿದ್ರ?

ಬಸವರಾಜ, ಶಹಾಪುರ: ನಂದೂ ಅದೇ ಡೌಟ್.

ಭಾಗ್ಯಶ್ರೀ, ಕಲಬುರಗಿ: ಮೊದಲು ವಿಮೆದು ಮುಗೀಲಿ. ಮಲ್ಲಿಕಾರ್ಜುನ, ಆ ಪ್ರಶ್ನೆ ಪೂರ್ತಿ ಆಪ್ಷನ್ ಸಮೇತ ಮತ್ತೊಮ್ಮೆ ಓದಿ ಹೇಳ್ರಿ, ಕಂಪನಿ ಬಗ್ಗೆ ಒಂದು ಸಾಲೂ ಇಲ್ಲೇನು?