ದೂರು ಕೊಟ್ಟವರು ತನಿಖೆಯಲ್ಲಿ ಹೇಳಿಕೆ ಕೊಡಲು ಹೇಗೆ ತಯಾರಾಗಬೇಕು?

ಪ್ರಶ್ನೆ: ಮ್ಯಾನೇಜರ್ ಎಲ್ಲರ ಮುಂದೆ ಬೈಯುತ್ತಾರೆ, ಸಭೆಗಳಿಂದ ಹೊರಗಿಡುತ್ತಾರೆ ಅಂತ ಎಚ್‌ಆರ್‌ಗೆ ದೂರು ಕೊಟ್ಟಿದ್ದೇನೆ. ಮುಂದಿನ ವಾರ ತನಿಖೆ ಮಾಡುವವರು ಕರೆದಿದ್ದಾರೆ. ನಾಲ್ಕೈದು ತಿಂಗಳ ಘಟನೆಗಳು ತಲೆಯಲ್ಲಿ ಕಲಸಿಹೋಗಿವೆ. ಹೇಳಲು ಹೊರಟರೆ ಅಳು ಬರುತ್ತದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ನೆನಪಿನಿಂದ ಶುರು ಮಾಡಬೇಡಿ, ದಾಖಲೆಯಿಂದ ಶುರು ಮಾಡಿ. ಇಮೇಲ್, ಕ್ಯಾಲೆಂಡರ್, ಚಾಟ್, ರಜೆ ಹಾಕಿದ ದಿನಗಳು, ಇಷ್ಟನ್ನು ಮೊದಲು ತೆರೆದಿಡಿ. "ಮಾರ್ಚ್‌ನಲ್ಲಿ ಒಂದು ದಿನ ಬೈದರು" ಅಂತ ಮಾತ್ರ ನೆನಪಿದ್ದರೆ ಆ ತಿಂಗಳ ಸಭೆಗಳನ್ನು ನೋಡುತ್ತಾ ಹೋಗಿ. ಆವತ್ತು ಯಾವ ವಿಷಯಕ್ಕೆ ಬೈದರೋ ಆ ಸಭೆ 12ನೇ ತಾರೀಖು ಬೆಳಿಗ್ಗೆ 11ಕ್ಕೆ ಇತ್ತು ಅಂತ ಸಿಕ್ಕಿದರೆ ದಿನ, ಹೊತ್ತು, ಸಭೆಗೆ ಕರೆದವರ ಪಟ್ಟಿ ಮೂರೂ ಒಟ್ಟಿಗೆ ಸಿಗುತ್ತವೆ. ಆದರೆ ಪಟ್ಟಿಯಲ್ಲಿದ್ದವರೆಲ್ಲ ಬಂದಿರುವುದಿಲ್ಲ. ನಿಮಗೆ ಕಂಡ ನೆನಪು ಇರುವವರನ್ನು ಮಾತ್ರ ಬರೆದುಕೊಳ್ಳಿ.

ಒಂದೊಂದು ಘಟನೆಯನ್ನೂ ಬೇರೆ ಬೇರೆಯಾಗಿ, ಚಿಕ್ಕದಾಗಿ ಬರೆಯಿರಿ. ಬರಹ ಹೀಗಿರಲಿ: "ಮಾರ್ಚ್ 12, ಬೆಳಿಗ್ಗೆ 11ರ ಸಭೆ. ವರದಿ ತಡವಾದ ಬಗ್ಗೆ ಕೇಳಿದರು. ನಾನು ಕಾರಣ ಹೇಳುತ್ತಿದ್ದಾಗ 'ನಿನಗೆ ಈ ಕೆಲಸ ಬರಲ್ಲ, ಎದ್ದು ಹೋಗು' ಅಂದರು. ನಾನು ಹೊರಗೆ ಬಂದೆ. ಎದುರಿಗೆ ಇಬ್ಬರಿದ್ದರು. 11:40ಕ್ಕೆ ಒಬ್ಬರು ಚಾಟ್‌ನಲ್ಲಿ ಹೇಗಿದ್ದೀರಿ ಅಂತ ಕೇಳಿದರು." ಆ ಇಬ್ಬರ ಹೆಸರೂ ಚಾಟ್‌ನ ಪ್ರತಿಯೂ ಜೊತೆಗಿರಲಿ. "ಯಾವಾಗಲೂ ಅವಮಾನ ಮಾಡುತ್ತಾರೆ" ಅಂದರೆ ತನಿಖೆ ಮಾಡುವವರಿಗೆ ಪರಿಶೀಲಿಸಲು ಏನೂ ಸಿಗುವುದಿಲ್ಲ. ಅದೇ ಮೇಲಿನ ಬರಹದಿಂದ ಅವರು ಇಬ್ಬರನ್ನು ಕರೆದು ಕೇಳಬಹುದು.

ವರದಿ ತಡವಾದದ್ದನ್ನು ಬೇಕೆಂದೇ ಬರೆದಿದ್ದೇನೆ. ನಿಮಗೆ ಅನುಕೂಲವಲ್ಲದ ವಿಷಯವನ್ನು ನೀವು ಬಿಟ್ಟು, ಅದು ಎದುರಿನವರ ಬಾಯಿಂದ ಬಂದರೆ ಉಳಿದ ಹತ್ತು ಘಟನೆಗಳ ಮೇಲೂ ಅನುಮಾನ ಬೀಳುತ್ತದೆ.

ಉತ್ತರ 2: ತಾರೀಖಿನ ಪಟ್ಟಿ ಸರಿ. ಜೊತೆಗೆ ಸಾಕ್ಷಿಗಳ ಹತ್ತಿರ ಮೊದಲೇ ಮಾತಾಡಿ, ಕಂಡದ್ದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಆಮೇಲೆ ಹೆದರಿ ಹಿಂದೆ ಸರಿಯುತ್ತಾರೆ. ನಿಮ್ಮ ಹೇಳಿಕೆಯನ್ನೂ ಬಾಯಿಪಾಠ ಮಾಡಿಕೊಳ್ಳಿ, ತಡವರಿಸುವುದಿಲ್ಲ.

ಉತ್ತರ 3: ಸಾಕ್ಷಿಗಳು ಹಿಂದೆ ಸರಿಯುತ್ತಾರೆ ಅನ್ನುವುದು ನಿಜ, ಆದರೆ ಬರೆಸಿಕೊಳ್ಳುವುದು ಬೇಡ. ಇಬ್ಬರ ಬರಹದಲ್ಲೂ ನಿಮ್ಮದೇ ಪದಗಳು ಕಂಡರೆ ಹೇಳಿಕೊಟ್ಟಂತೆ ಕಾಣುತ್ತದೆ, ಆ ಸಾಕ್ಷಿ ಅಲ್ಲಿಗೇ ದುರ್ಬಲವಾಯಿತು. ತನಿಖೆಯ ವಿಷಯ ಹೊರಗೆ ಮಾತಾಡಬಾರದು ಅಂತ ನಿಯಮ ಇದ್ದರೆ ತಪ್ಪು ನಿಮ್ಮ ಮೇಲೇ ಬರುತ್ತದೆ. ಹೆಸರು ಕೊಡಿ, ಅವರು ಏನನ್ನು ಕಣ್ಣಾರೆ ಕಂಡರು, ಏನನ್ನು ನಿಮ್ಮಿಂದ ಆಮೇಲೆ ಕೇಳಿದರು ಅಂತ ಬೇರೆ ಬೇರೆ ಬರೆಯಿರಿ. ಆಮೇಲೆ ಕೇಳಿದವರನ್ನೂ ಬಿಡಬೇಡಿ. ಅದೇ ದಿನ ನೀವು ಅವರಿಗೆ ಹೇಳಿಕೊಂಡಿದ್ದರೆ ಅದಕ್ಕೂ ತೂಕ ಇದೆ.

ಬಾಯಿಪಾಠವಂತೂ ಬೇಡವೇ ಬೇಡ. ಪ್ರಶ್ನೆಗಳು ನಿಮ್ಮ ಕ್ರಮದಲ್ಲಿ ಬರುವುದಿಲ್ಲ. ಮಧ್ಯದಿಂದ ಕೇಳಿದಾಗ ಬಾಯಿಪಾಠ ಮಾಡಿದವರಿಗೆ ಎಳೆ ತಪ್ಪುತ್ತದೆ.

ಉತ್ತರ 4: ನನ್ನ ಮೇಲೆ ದೂರು ಬಂದಾಗ ಆರೋಪಪತ್ರದ ಪ್ರತಿ ಕೇಳಿ ಪಡೆದು, ಒಂದೊಂದಕ್ಕೂ ಲಿಖಿತ ಉತ್ತರ ಕೊಟ್ಟಿದ್ದೆ. ನೀವೂ ಮೊದಲು ಪ್ರತಿ ಕೇಳಿ.

ಉತ್ತರ 1: ಪ್ರಶ್ನೆ ಕೇಳಿದವರು ದೂರು ಕೊಟ್ಟವರು, ಅವರ ಮೇಲೆ ದೂರು ಬಂದಿಲ್ಲ. ಆದರೂ ಒಂದು ಉಪಯೋಗ ಇದೆ: ನೀವು ಸಲ್ಲಿಸಿದ ದೂರಿನ ಪ್ರತಿ ತೆಗೆದು ಪಟ್ಟಿಯ ಜೊತೆ ಹೋಲಿಸಿ. ದೂರಿನಲ್ಲಿ 14 ಅಂತ ಬರೆದು ಕ್ಯಾಲೆಂಡರ್‌ನಲ್ಲಿ 12 ಸಿಕ್ಕಿದ್ದರೆ ಕೂತ ಕೂಡಲೇ ನೀವೇ ತಿದ್ದಿಸಿ.

ಪ್ರಶ್ನೆ ಕೇಳಿದವರು: ಪಟ್ಟಿಯನ್ನು ಮೊದಲೇ ಕಳಿಸಲಾ? ಅಳು ಬಂದರೆ ಏನು ಮಾಡಲಿ?

ಉತ್ತರ 3: ಒಂದು ದಿನ ಮೊದಲು ಕಳಿಸಿ. ಓದಿಕೊಂಡು ಬಂದರೆ ಪ್ರಶ್ನೆಗಳು ನೇರವಾಗಿ ವಿಷಯಕ್ಕೆ ಬರುತ್ತವೆ.

ಉತ್ತರ 1: ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೊದಲು ನಿಮ್ಮ ಬಾಯಿಂದ ಕೇಳಲಿ, ಕೊನೆಯಲ್ಲಿ ಪಟ್ಟಿ ಕೊಡಿ. ಮೊದಲೇ ಕೊಟ್ಟರೆ ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಕೇಳದೇ ಹೋಗಬಹುದು.

ಅಳು ಬಂದರೆ ತಪ್ಪಿಲ್ಲ, ಐದು ನಿಮಿಷ ಬಿಡುವು ಕೇಳಿ. ಯಾರಾದರೂ ಜೊತೆಗೆ ಬರಬಹುದೇ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕೂತಾಗ ಮ್ಯಾನೇಜರ್ ಸ್ವಭಾವ ಎಂಥದ್ದು ಅಂತ ವಿವರಿಸಲು ಹೋಗಬೇಡಿ. ಅವರು ಮಾಡಿದ್ದು, ಅಂದದ್ದು, ಅದರಿಂದ ನಿಮಗಾದದ್ದು, ಇಷ್ಟೇ ಹೇಳಿ. ನೆನಪಿಲ್ಲದ್ದನ್ನು "ನೆನಪಿಲ್ಲ" ಅನ್ನಿ, ಊಹಿಸಬೇಡಿ. ಟಿಪ್ಪಣಿಗೆ ಸಹಿ ಕೇಳಿದರೆ ಪೂರ್ತಿ ಓದದೆ ಹಾಕಬೇಡಿ. "ಎದ್ದು ಹೋಗು ಅಂದರು" ಅನ್ನುವುದು ಅಲ್ಲಿ "ಹೊರಗೆ ಹೋಗಲು ತಿಳಿಸಿದರು" ಅಂತ ಆಗಿದ್ದರೆ, ನೀವು ಹೇಳಿದ ಮಾತನ್ನೇ ಬರೆಸಿ ಸಹಿ ಹಾಕಿ.