ಸ್ಪೀಡ್ ಪೆಟ್ರೋಲ್ ಹಾಕಿಸಿದರೆ ಲಾಭವೇ? ನಿಮ್ಮ ಅನುಭವ ಹೇಳಿ

ಪ್ರಶ್ನೆ (ವಿಜಯಪುರ): 2015ರ ಸಣ್ಣ ಪೆಟ್ರೋಲ್ ಕಾರು, 82,000 ಕಿ.ಮೀ. ಓಡಿದೆ. ನಿಂತಲ್ಲಿ ನಡುಗುತ್ತದೆ, ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಲೀಟರಿಗೆ ಏಳು ರೂಪಾಯಿ ಹೆಚ್ಚು ಕೊಟ್ಟು ಬ್ರಾಂಡೆಡ್ ಪೆಟ್ರೋಲ್ ಹಾಕಿಸಿದರೆ ಸರಿಹೋಗುತ್ತದೆಯೇ?

ನವನಗರ, ಬಾಗಲಕೋಟೆ: ಖಂಡಿತ ಹಾಕಿಸಿ ಸರ್. ಅದರಲ್ಲಿ ಆಕ್ಟೇನ್ ಹೆಚ್ಚು, ಆದ್ದರಿಂದ ಎಂಜಿನ್ ಸ್ವಚ್ಛವಾಗುತ್ತದೆ. ನನ್ನ ಟರ್ಬೊ ಕಾರಿನಲ್ಲಿ ಪಿಕಪ್ ಚೆನ್ನಾಗಿದೆ.

ಟಿಳಕವಾಡಿ, ಬೆಳಗಾವಿ: ನವನಗರದವರೇ, ಆಕ್ಟೇನ್ ಬೇರೆ, ಸ್ವಚ್ಛಗೊಳಿಸುವ ರಾಸಾಯನಿಕ ಬೇರೆ. ಆಕ್ಟೇನ್ ಹೆಚ್ಚಿದ್ದರೆ ಎಂಜಿನ್ ನಾಕ್ ಆಗುವುದು ತಪ್ಪುತ್ತದೆ. ನಿಮ್ಮ ಟರ್ಬೊ ಅದರ ಲಾಭ ಪಡೆಯುತ್ತಿರಬಹುದು. 91 ಆಕ್ಟೇನಿಗೆಂದೇ ಮಾಡಿದ ಕಾರಿಗೆ ಅದರಿಂದ ಶಕ್ತಿ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಗೆ: ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಪೆಟ್ರೋಲ್ ತಾನು ಹರಿಯುವ ದಾರಿಯನ್ನು ಮಾತ್ರ ತೊಳೆಯಬಲ್ಲದು. ನಿಮ್ಮಂಥ ಕಾರಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ಸಿಂಪಡಿಸುತ್ತದೆ. ಹಾಗಾಗಿ ಇಂಜೆಕ್ಟರಿನ ತುದಿ ಮತ್ತು ವಾಲ್ವಿನ ಮಸಿ ಎರಡಕ್ಕೂ ರಾಸಾಯನಿಕ ತಾಕುತ್ತದೆ. ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಥ್ರಾಟಲ್ ಬಾಡಿ ಇಂಜೆಕ್ಟರಿಗೂ ಮೊದಲೇ ಇದೆ. ಅಲ್ಲಿ ಹರಿಯುವುದು ಗಾಳಿ ಮಾತ್ರ.

ಕಳೆದ ವರ್ಷ ಖಾನಾಪುರ ರಸ್ತೆಯಿಂದ ಇದೇ ದೂರಿನ ಕಾರು ಬಂದಿತ್ತು. ಮಾಲೀಕರು ನಾಲ್ಕು ಟ್ಯಾಂಕ್, ಅಂದರೆ ಸುಮಾರು 140 ಲೀಟರ್ ದುಬಾರಿ ಪೆಟ್ರೋಲ್ ಹಾಕಿಸಿ, ಹೆಚ್ಚುವರಿಯಾಗಿ 980 ರೂಪಾಯಿ ಕಳೆದುಕೊಂಡಿದ್ದರು. ನಡುಕ ಹಾಗೆಯೇ ಇತ್ತು. ಬಿಚ್ಚಿ ನೋಡಿದರೆ ಥ್ರಾಟಲಿನ ಅಂಚಿನಲ್ಲಿ ಕಪ್ಪು ಜಿಡ್ಡು. ಕ್ಲೀನರ್ ಹೊಡೆದು ಒರೆಸಿ, ಐಡಲ್ ಮತ್ತೆ ಹೊಂದಿಸಿದೆ. ನಡುಕ ಅಂದೇ ನಿಂತಿತು.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ಕುಸಿದರೆ ಮೊದಲು ಥ್ರಾಟಲ್ ನೋಡಿಸಿ. ಒತ್ತಿದಾಗ ತಡವರಿಸಿದರೆ ಇಂಜೆಕ್ಟರ್ ಮೇಲೆ ಸಂಶಯ. ಆಗ ಮೂರು ಟ್ಯಾಂಕ್ ಪ್ರಯತ್ನಿಸಿ ನೋಡಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು, ಪ್ಲಗ್ ಅಥವಾ ಎಂಜಿನ್ ಮೌಂಟಿಂಗ್ ಹಾಳಾಗಿರುವುದೂ ಉಂಟು.

ಸೋಲಾಪುರ ರಸ್ತೆ, ವಿಜಯಪುರ: ನನ್ನ ಸ್ಕೂಟರ್ ಎರಡು ತಿಂಗಳು ನಿಂತಿತ್ತು, ಈಗ ಶುರುವಾಗುತ್ತಿಲ್ಲ. ಈ ಪೆಟ್ರೋಲ್ ಹಾಕಲೇ ಅಣ್ಣಾ?

ಟಿಳಕವಾಡಿ, ಬೆಳಗಾವಿ: ಅದು ಬೇರೆ ಕಥೆ ತಮ್ಮಾ. ಮೊದಲು ಬ್ಯಾಟರಿ ನೋಡು, ಆಮೇಲೆ ಹಳೆಯ ಪೆಟ್ರೋಲ್ ತೆಗೆಸು.

ನವನಗರ, ಬಾಗಲಕೋಟೆ: ಹಾಗಾದರೆ ನನ್ನ ಟರ್ಬೊದಲ್ಲಿ ವಾಲ್ವ್ ತೊಳೆಯುತ್ತದೆಯೋ ಇಲ್ಲವೋ?

ಟಿಳಕವಾಡಿ, ಬೆಳಗಾವಿ: ನಿಮ್ಮದು ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್ ಆಗಿದ್ದರೆ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಕುವುದೇ ಇಲ್ಲ. ಇಂಜೆಕ್ಟರಿಗೆ ಮಾತ್ರ ಉಪಯೋಗ. ಮಾದರಿ ಯಾವುದು, ತಿಳಿಸಿ.

ಪ್ರಶ್ನೆ ಕೇಳಿದವರು: ಕಾಲು ತೆಗೆದಾಗಲೇ ಕುಸಿಯುತ್ತದೆ ಸರ್. ಭಾನುವಾರ ಥ್ರಾಟಲ್ ಬಿಚ್ಚಿಸುತ್ತೇನೆ.