ಸಹಾಯ ಬೇಕು: ಕಾಫಿ ಮಷೀನು ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ

ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಸಣ್ಣ ಕೆಫೆ ಇದೆ. ಮೊದಲ ಸಲ ಇಟಲಿಯಿಂದ ಎಸ್ಪ್ರೆಸೊ ಮಷೀನು ತರಿಸಿದೆ. ಹಡಗಿನಲ್ಲಿ ಬಂದು ಹತ್ತು ದಿನವಾಯಿತು, ಬಂದರಿನ ಗೋದಾಮಿನಲ್ಲೇ ಬಾಡಿಗೆ ಏರುತ್ತಿದೆ.

ತಪ್ಪು ನನ್ನದೇ. ಇನ್‌ವಾಯ್ಸ್ 4,000 ಯೂರೊ, ಅದು ಫ್ಯಾಕ್ಟರಿ ಬಾಗಿಲ ಬೆಲೆ. ಬಿಲ್ ಆಫ್ ಎಂಟ್ರಿಯಲ್ಲಿ ಅಷ್ಟನ್ನೇ ತೋರಿಸಿದೆವು. ಇಟಲಿಯ ಬಂದರಿನವರೆಗಿನ ಲಾರಿ ಮತ್ತು ಲೋಡಿಂಗ್ ಖರ್ಚು 200, ಹಡಗಿನ ಬಾಡಿಗೆ 500 ನಾನೇ ಬೇರೆ ಕೊಟ್ಟಿದ್ದೆ. ವಿಮೆ ರಸೀದಿ ಇಲ್ಲದ್ದರಿಂದ 4,200ರ ಮೇಲೆ ಶೇ. 1.125, ಅಂದರೆ 47.25 ಸೇರಿಸಬೇಕಂತೆ. ಒಟ್ಟು 4,747.25 ಯೂರೊ ಮೇಲೆ ಸುಂಕ ಲೆಕ್ಕ ಹಾಕಬೇಕಿತ್ತು.

ಎರಡನೇ ತಕರಾರು ಸುಂಕದ ವರ್ಗ ತೋರಿಸುವ ಕೋಡಿನದು. ನಾವು ಹಾಕಿದ್ದು 8419 81, ಅಧಿಕಾರಿ ಇದು ಮನೆಬಳಕೆಯ 8516 71 ಇರಬಹುದು ಅಂತಾರೆ. ಎರಡು ಗ್ರೂಪ್, 11 ಲೀಟರ್ ಬಾಯ್ಲರ್, ನೇರ ನಲ್ಲಿ ಸಂಪರ್ಕ, ತ್ರೀ ಫೇಸ್. ಇದನ್ನು ಯಾರು ಅಡುಗೆಮನೆಯಲ್ಲಿಡುತ್ತಾರೆ ಸ್ವಾಮಿ!

ಅನುಭವವಿದ್ದವರು ಹೇಳಿ: ಬೆಲೆಗೆ ಕಸ್ಟಮ್ಸ್ ಕಾಯ್ದೆಯ ಕಲಂ 149ರಡಿ ತಿದ್ದುಪಡಿ ಕೇಳಿ, ಕೋಡಿಗೆ ಮಾತ್ರ ಕಲಂ 18ರ ತಾತ್ಕಾಲಿಕ ನಿರ್ಧಾರಣೆಯಡಿ ಬಾಂಡ್ ಕೊಟ್ಟು ಮಾಲು ಬಿಡಿಸಿಕೊಳ್ಳಬಹುದೇ? ಕ್ಯಾಟಲಾಗ್, ವೈರಿಂಗ್ ನಕ್ಷೆ ಸಾಕೇ, ಅಥವಾ ಚಾರ್ಟರ್ಡ್ ಇಂಜಿನಿಯರ್ ಪ್ರಮಾಣಪತ್ರವೂ ಬೇಕೇ? ತಪ್ಪನ್ನು ನಾವೇ ಬರೆದುಕೊಟ್ಟರೆ ದಂಡ ಕಡಿಮೆಯಾಗಿದ್ದುಂಟೇ?